ಚೀಟಿಯಲ್ಲಿ ಬಿಟ್ಟುಹೋದ ಒಂದು ಮಾತ್ರೆ

ಪ್ರಶ್ನೆ: ಸಂಪಾದಕರೇ, ನನಗೆ 51 ವರ್ಷ. 9 ವರ್ಷದಿಂದ ಶುಗರ್ ಐತಿ. ಒಂದೂವರೆ ವರ್ಷದಿಂದ ನಿಮಿರೋದು ಕಮ್ಮಿ ಆಗಿ, ಈಗ ಹೆಂಡ್ತಿ ಜೊತಿ ಸೇರೋಕೇ ಆಗವಲ್ದು. ನಮ್ಮ ಊರ ಡಾಕ್ಟರ್ ಸಾಹೇಬ್ರು ಕಲಬುರಗಿ ಯುರಾಲಜಿಸ್ಟ್‌ಗೆ ಚೀಟಿ ಬರೆದು ಕೊಟ್ಟಾರ. ತೆಗೆದು ನೋಡಿದೆ. ಎದೆನೋವು, ಬಿಪಿ ಮಾತ್ರೆ, ತಂಬಾಕು, ಕಾಲು ಜೋಮು, ಎಲ್ಲಾ ಬರೆದಾರ. ಈ ತೊಂದರೆಗೆ ಎದೆ ಮಾತು ಯಾಕ್ರೀ? ಚೀಟಿ ಮನ್ಯಾಗ ಇಟ್ಟು ಬಾಯಿಂದ ಹೇಳಿದ್ರ ಸಾಲದಾ? ಗೆಳೆಯನ ಮಾತು ಕೇಳಿ ಮೆಡಿಕಲ್‌ನಿಂದ ಮಾತ್ರೆ ತಂದು ಮೂರು ಸಲ ತಗೊಂಡೀನಿ, ಏನೂ ಆಗಲಿಲ್ಲ. ಅದನ್ನ ಡಾಕ್ಟರಿಗೆ ಹೇಳಿಲ್ಲ. ಚೀಟಿ, ಮಾತ್ರೆ ಎರಡರ ಫೋಟೊ ಕಳಿಸೀನಿ.
— ಹೆಸರು ಬೇಡ, ಯಾದಗಿರಿ ಜಿಲ್ಲೆ

ಉತ್ತರ: ಚೀಟಿಯನ್ನು ಖಂಡಿತ ತೆಗೆದುಕೊಂಡು ಹೋಗಿ. ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ನೀವು ಕಳಿಸಿದ ಪಟ್ಟಿಯ ಮೇಲೆ ಸಿಲ್ಡೆನಾಫಿಲ್ 50 ಎಂದಿದೆ. ಆ ಮಾತ್ರೆಯನ್ನು ಇನ್ನು ಮುಟ್ಟಬೇಡಿ. ಅದನ್ನು ತಗೊಂಡ ವಿಷಯವನ್ನು ಇವತ್ತೇ ನಿಮ್ಮ ಊರಿನ ಡಾಕ್ಟರಿಗೆ ಹೇಳಿ. ಯಾಕೆ ಇಷ್ಟು ಅವಸರ ಎನ್ನುವುದು ಅವರ ಚೀಟಿಯಲ್ಲೇ ಇದೆ. ನಮ್ಮ ಸಲಹಾ ವೈದ್ಯರ ಜೊತೆ ಕೂತು ಅದನ್ನು ಓದಿದೆ. ಇಂಗ್ಲಿಷಿನಲ್ಲಿ ಇರುವುದನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ:

"51 ವರ್ಷ. 9 ವರ್ಷದಿಂದ ಶುಗರ್, 4 ವರ್ಷದಿಂದ ಬಿಪಿ. ಒಂದೂವರೆ ವರ್ಷದಿಂದ ನಿಮಿರುವಿಕೆ ನಿಧಾನಕ್ಕೆ ಕಡಿಮೆಯಾಗಿದೆ. ಬೆಳಗಿನ ಜಾವದ ನಿಮಿರುವಿಕೆಯೂ ಇಲ್ಲ. ಆಸೆ ಇದೆ. ಎಚ್‌ಬಿಎ1ಸಿ 9.1, ಬಿಪಿ 146/90. ಎರಡೂ ಪಾದದಲ್ಲಿ ಸ್ಪರ್ಶ ಕಡಿಮೆ. ತಂಬಾಕು ಜಗಿಯುತ್ತಾರೆ. ಮೆಟ್‌ಫಾರ್ಮಿನ್ 1000 ದಿನಕ್ಕೆ ಎರಡು, ಗ್ಲಿಮೆಪಿರೈಡ್ 2, ಅಟೆನೊಲಾಲ್ 50, ಅಟೊರ್ವಾಸ್ಟಾಟಿನ್ 20. ಎದೆನೋವಿಗೆ ನಾಲಿಗೆ ಕೆಳಗೆ ಐಸೊಸಾರ್ಬೈಡ್ ಡೈನೈಟ್ರೇಟ್ 5, ಕಳೆದ ತಿಂಗಳು ಎರಡು ಸಲ ಬಳಸಿದ್ದಾರೆ. ಹೃದಯದ ತಪಾಸಣೆಗೆ ಹೇಳಿದ್ದೆ, ಇನ್ನೂ ಹೋಗಿಲ್ಲ. ನೈಟ್ರೇಟ್ ಇರುವುದರಿಂದ ಸಿಲ್ಡೆನಾಫಿಲ್ ಕೊಟ್ಟಿಲ್ಲ. ಬೇರೆ ದಾರಿ ತಿಳಿಸಿ. ಅಟೆನೊಲಾಲ್ ಬದಲಿಸಬೇಕೇ?"

ಒಳ್ಳೆಯ ಚೀಟಿ ಇದು. ಬರೆದವರು ನಿಮ್ಮನ್ನು ಸರಿಯಾಗಿ ನೋಡಿದ್ದಾರೆ. ಅವರಿಗೆ ಗೊತ್ತಿಲ್ಲದ ವಿಷಯ ಒಂದೇ. ಅವರು ಬೇಕೆಂದೇ ಕೊಡದ ಮಾತ್ರೆಯನ್ನು ನೀವು ಅಂಗಡಿಯಿಂದ ತಂದು ನುಂಗಿದ್ದೀರಿ.

ನಾಲಿಗೆ ಕೆಳಗೆ ಇಡುವ ಆ ಸಣ್ಣ ಮಾತ್ರೆ, ಜನ ಸಾರ್ಬಿಟ್ರೇಟ್ ಅಂತಾರಲ್ಲ, ಅದೇ ಚೀಟಿಯಲ್ಲಿ ಹೇಳಿದ ನೈಟ್ರೇಟ್. ಅದು ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಅದಕ್ಕೇ ಎದೆನೋವು ಇಳಿಯುತ್ತದೆ. ಅದು ನಾಳದ ಗೋಡೆಯಲ್ಲಿ ಹುಟ್ಟಿಸುವ ಒಂದು ರಾಸಾಯನಿಕ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಕರಗಿಹೋಗಬೇಕು. ಸಿಲ್ಡೆನಾಫಿಲ್ ಅದನ್ನೇ ಕರಗದಂತೆ ತಡೆಯುತ್ತದೆ. ಎರಡೂ ಒಟ್ಟಿಗೆ ಸೇರಿದರೆ ಮೈಯೆಲ್ಲಾ ನಾಳಗಳು ಸಡಿಲವಾಗಿ ಬಿಪಿ ಒಮ್ಮೆಲೇ ಕುಸಿಯುತ್ತದೆ. ಕಣ್ಣು ಕತ್ತಲೆ ಬಂದು ಮನುಷ್ಯ ಬಿದ್ದುಬಿಡಬಹುದು, ಜೀವವೇ ಹೋಗಬಹುದು. ಬಿಪಿ ಮಾತ್ರೆಗಳ ಜೊತೆ ಡಾಕ್ಟರು ನೋಡಿಕೊಂಡು ಸಿಲ್ಡೆನಾಫಿಲ್ ಕೊಡುವುದುಂಟು. ನೈಟ್ರೇಟ್ ಜೊತೆ ಮಾತ್ರ ಕೊಡುವುದೇ ಇಲ್ಲ. ನೀವು ಮೂರು ಸಲ ತಗೊಂಡಾಗಲೂ ಆ ರಾತ್ರಿ ಎದೆನೋವು ಬರಲಿಲ್ಲ, ಅಷ್ಟೇ. ಬಂದಿದ್ದರೆ ರೂಢಿಯಂತೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುತ್ತಿದ್ದಿರಿ.

ಈಗ ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಸಿಲ್ಡೆನಾಫಿಲ್ ತಗೊಂಡ ಮೇಲೆ ಕನಿಷ್ಠ 24 ಗಂಟೆ, ಅದೇ ಬಗೆಯ ಟಡಾಲಾಫಿಲ್ ಆದರೆ ಕನಿಷ್ಠ 48 ಗಂಟೆ ನೈಟ್ರೇಟ್ ಬಳಸಬಾರದು. ಆ ಹೊತ್ತಿನಲ್ಲಿ ಎದೆ ಹಿಂಡಿದರೆ ನಾಲಿಗೆ ಕೆಳಗೆ ಏನೂ ಇಡದೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಕಾಲಿಟ್ಟ ತಕ್ಷಣ ಯಾವ ಮಾತ್ರೆ ಎಷ್ಟು ಗಂಟೆಗೆ ತಗೊಂಡಿರಿ ಅಂತ ಹೇಳಿ. ಹೆಂಡತಿಗೂ ಇದು ಗೊತ್ತಿರಲಿ, ನಿಮಗೆ ಮಾತಾಡಲು ಆಗದಿದ್ದರೆ ಅವರು ಹೇಳುತ್ತಾರೆ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಮಾರುವ ಹೆಸರಿಲ್ಲದ "ಶಕ್ತಿ ಪುಡಿ"ಗಳಿಗೂ ಇದೇ ಮಾತು. ಗಿಡಮೂಲಿಕೆ ಅಂತ ಮಾರುವ ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿದ್ದು ಪರೀಕ್ಷೆಯಲ್ಲಿ ಎಷ್ಟೋ ಸಲ ಸಿಕ್ಕಿದೆ.

ಇನ್ನು "ಎದೆ ಮಾತು ಯಾಕೆ" ಎಂದಿರಲ್ಲ. ನಿಮಿರುವುದು ಎಂದರೆ ರಕ್ತ ರಭಸವಾಗಿ ಬಂದು ತುಂಬಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವುದು. ಶಿಶ್ನದ ರಕ್ತನಾಳದ ಅಗಲ ಸುಮಾರು 1ರಿಂದ 2 ಮಿ.ಮೀ. ಹೃದಯದ ನಾಳದ್ದು 3ರಿಂದ 4 ಮಿ.ಮೀ. ಶುಗರ್, ಬಿಪಿ, ತಂಬಾಕು ಮೂರೂ ಸೇರಿ ನಾಳದೊಳಗೆ ಕೊಬ್ಬು ಕಟ್ಟುವಾಗ ಸಣ್ಣ ನಾಳದಲ್ಲಿ ಅದರ ತೊಂದರೆ ಮೊದಲು ಗೊತ್ತಾಗುತ್ತದೆ. ಹೃದಯದ ಸರದಿ ಕೆಲವು ವರ್ಷ ತಡವಾಗಿ ಬರುವುದುಂಟು. ನಿಮಗೆ ಎದೆನೋವು ಶುರುವಾಗಿಯೇ ಇದೆ. ಹಾಗಾಗಿ ಯುರಾಲಜಿಸ್ಟ್ ನಿಮ್ಮನ್ನು ಮೊದಲು ಹೃದಯದ ಡಾಕ್ಟರ ಹತ್ತಿರ ಕಳಿಸಿದರೆ, ಸುಮ್ನೆ ಅಲೆದಾಡಿಸುತ್ತಿದ್ದಾರೆ ಅಂತ ಬೇಸರ ಮಾಡಿಕೊಳ್ಳಬೇಡಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ನನ್ನನ್ನು ಕೇಳಿದರೆ ಅಲ್ಲಿಗೇ ಮೊದಲು ಹೋಗಿ. ಕಳೆದ ತಿಂಗಳು ಎರಡು ಸಲ ನೋವು ಬಂದವರು ಯುರಾಲಜಿಯ ದಿನಕ್ಕೆ ಕಾಯಬಾರದು. ಕೂತಿದ್ದಾಗಲೇ ನೋವು ಬಂದರೆ, ಅಥವಾ ಮೊದಲಿಗಿಂತ ಜಾಸ್ತಿ ಬರತೊಡಗಿದರೆ, ಆ ದಿನವೇ ಹೊರಡಿ.

ಚೀಟಿಯ ಇನ್ನೆರಡು ಸಾಲನ್ನೂ ಬಿಡಿಸಿ ಹೇಳಬೇಕು. "ನಿಧಾನಕ್ಕೆ ಕಡಿಮೆಯಾಗಿದೆ, ಬೆಳಗಿನ ಜಾವದಲ್ಲೂ ಇಲ್ಲ" ಎಂದು ಬರೆದದ್ದು ನಿಮ್ಮ ಮಾನ ಕಳೆಯಲು ಅಲ್ಲ. ಬೆಳಗಿನ ಜಾವ ಸರಿಯಾಗಿದ್ದು ಹೆಂಡತಿ ಜೊತೆ ಇದ್ದಾಗ ಮಾತ್ರ ಆಗದಿದ್ದರೆ ಚಿಂತೆ, ಭಯದ ಕಡೆ ನೋಡುತ್ತಾರೆ. ಎರಡೂ ಹೊತ್ತಿನಲ್ಲಿ ಮೆಲ್ಲಗೆ ಹೋಗಿದ್ದರೆ ನಾಳ, ನರದ ಕಡೆ ನೋಡುತ್ತಾರೆ. ಪಾದದ ಜೋಮು ಬರೆದದ್ದೂ ಅದಕ್ಕೇ. 9 ವರ್ಷದ ಶುಗರ್ ಪಾದದ ನರಕ್ಕೆ ಮಾಡಿದ್ದನ್ನೇ ನಿಮಿರುವಿಕೆಯ ನರಕ್ಕೂ ಮಾಡಿರಬಹುದು.

ಅಟೆನೊಲಾಲ್ ವಿಷಯದಲ್ಲಿ ನೀವು ತಪ್ಪು ತಿಳಿಯುವ ಸಾಧ್ಯತೆ ಇದೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಈ ಬಿಪಿ ಮಾತ್ರೆಯಿಂದ ಕೆಲವರಲ್ಲಿ ನಿಮಿರುವಿಕೆ ಕಡಿಮೆಯಾಗುವುದುಂಟು. ಆದರೆ ಅದೇ ಮಾತ್ರೆ ನಿಮ್ಮ ಎದೆನೋವನ್ನೂ ಹಿಡಿದಿಟ್ಟಿದೆ. ಥಟ್ಟನೆ ನಿಲ್ಲಿಸಿದರೆ ಎದೆನೋವು ಜೋರಾಗಬಹುದು, ಹೃದಯಾಘಾತವೂ ಆಗಬಹುದು. ಹೃದಯ ನೋಡಿದವರು ಹೇಳಿದ ಮೇಲೆ, ಅವರು ಹೇಳಿದ ರೀತಿಯಲ್ಲಿ ಬದಲಾಗಲಿ. ನೀವಾಗಿ ಒಂದು ದಿನವೂ ಬಿಡಬೇಡಿ. ಶುಗರ್ ಮಾತ್ರೆಗಳೇ ಗಂಡಸ್ತನ ಕೆಡಿಸಿದವು ಅಂತ ಗೆಳೆಯರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕೆಡಿಸುವುದು 9.1ರ ಸಕ್ಕರೆ, ಚೀಟಿಯಲ್ಲಿ ಎಚ್‌ಬಿಎ1ಸಿ ಅಂತ ಬರೆದ ಮೂರು ತಿಂಗಳ ಸರಾಸರಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆಯಾಗಿ ಜೋಮು ಹೆಚ್ಚುವುದುಂಟು, ಅದನ್ನೊಮ್ಮೆ ರಕ್ತದಲ್ಲಿ ನೋಡಿಸಿ. ಟೆಸ್ಟೊಸ್ಟೆರಾನ್ ಪರೀಕ್ಷೆ ಹೇಳಿದರೆ ಬೆಳಿಗ್ಗೆ 11ರ ಒಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಮಧ್ಯಾಹ್ನ ಬಸ್ ಇಳಿದು ಕೊಟ್ಟರೆ ಅಂಕಿ ಕಡಿಮೆ ಬಂದು ದಾರಿ ತಪ್ಪಿಸಬಹುದು.

ಬೇರೆ ದಾರಿ ಇದೆಯಾ ಎಂದರೆ, ಇದೆ. ನೈಟ್ರೇಟ್ ತಗೊಳ್ಳುವವರಿಗೂ ನಿರ್ವಾತ ಪಂಪ್ ಆಗುತ್ತದೆ. ಕೊಳವೆಯೊಳಗೆ ಗಾಳಿ ಎಳೆದು ರಕ್ತ ತುಂಬಿಸಿ, ಬುಡಕ್ಕೆ ಉಂಗುರ ಹಾಕುತ್ತಾರೆ. ಆ ಉಂಗುರ 30 ನಿಮಿಷಕ್ಕಿಂತ ಹೆಚ್ಚು ಇರಬಾರದು. ಶಿಶ್ನಕ್ಕೇ ಕೊಡುವ ಆಲ್‌ಪ್ರೊಸ್ಟಾಡಿಲ್ ಇಂಜೆಕ್ಷನ್ನೂ ಇದೆ. ಮೊದಲ ಡೋಸ್ ಡಾಕ್ಟರ ಎದುರಿಗೇ ಆಗಬೇಕು, ಮತ್ತು ನಿಮಿರುವಿಕೆ 4 ಗಂಟೆ ದಾಟಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಇವೆಲ್ಲ, ಸೇರುವ ಶ್ರಮವನ್ನು ಹೃದಯ ತಾಳಿಕೊಳ್ಳುತ್ತದೆ ಅಂತ ಹೃದಯದ ಡಾಕ್ಟರು ಹೇಳಿದ ಮೇಲಿನ ಮಾತು. ಮುಂದೆ ನೈಟ್ರೇಟ್ ಬೇಡ ಎಂದು ಅವರೇ ಬರೆದುಕೊಟ್ಟರೆ ಸಿಲ್ಡೆನಾಫಿಲ್ ಬಗ್ಗೆಯೂ ಹೊಸದಾಗಿ ಯೋಚಿಸಬಹುದು. ನಿಮಗೆ ಮೂರು ಸಲವೂ ಫಲ ಸಿಗದಿರಲು ತುಂಬಿದ ಊಟದ ಮೇಲೆ ನುಂಗಿದ್ದರೆ ಅದೂ ಕಾರಣ ಇರಬಹುದು, ಜಿಡ್ಡಿನ ಊಟ ಅದನ್ನು ತಡ ಮಾಡುತ್ತದೆ.

ಹೋಗುವ ಮೊದಲು ನಿಮ್ಮ ಡಾಕ್ಟರ ಕೈಯಲ್ಲೇ ಚೀಟಿಗೆ ಒಂದು ಸಾಲು ಸೇರಿಸಿಸಿ: "ಅಂಗಡಿಯಿಂದ ತಂದ ಸಿಲ್ಡೆನಾಫಿಲ್ 50, ಮೂರು ಸಲ, ಫಲವಿಲ್ಲ." ಕೊನೆಯ ಸಲ ತಗೊಂಡ ತಾರೀಕು, ಊಟದ ಮೊದಲೋ ಆಮೇಲೋ ಎನ್ನುವುದನ್ನೂ ಬರೆಸಿ. ಖಾಲಿ ಪಟ್ಟಿಗಳನ್ನು ಎಸೆಯದೆ, ದಿನದ ಮಾತ್ರೆಗಳ ಜೊತೆ ಅದೇ ಚೀಲದಲ್ಲಿ ಹಾಕಿಕೊಂಡು ಹೋಗಿ.