ಹತ್ತು ನಿಮಿಷ ಕಾದ ಮೇಲೂ ಮತ್ತೆ ಹತ್ತು ನಿಮಿಷವೇ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಬಸ್ಸಿಗೆ ಕಾಯುವ ಸಮಯ ಎಕ್ಸ್‌ಪೊನೆನ್ಷಿಯಲ್, ಸರಾಸರಿ 10 ನಿಮಿಷ ಅಂತ ಒಂದು ಲೆಕ್ಕ ಇದೆ. ಆಗಲೇ 10 ನಿಮಿಷ ಕಾದವರಿಗೂ ಇನ್ನೂ ಸರಾಸರಿ 10 ನಿಮಿಷ ಬಾಕಿ ಅಂತ ಉತ್ತರ ಕೊಟ್ಟಿದ್ದಾರೆ. ಹಾಗಾದ್ರೆ ಒಟ್ಟು 20 ಆಯ್ತಲ್ಲ ಸರ್? ಸರಾಸರಿ 10 ಅನ್ನೋದು ಹೇಗೆ ಉಳಿಯುತ್ತೆ?

ಉತ್ತರ: ಒಟ್ಟು 20 ಆಗುವುದು ನಿಜ. ಆದರೆ ಅದು ಎಲ್ಲರ ಸರಾಸರಿ ಅಲ್ಲ. 10 ನಿಮಿಷ ಕಳೆದರೂ ಬಸ್ ಸಿಗದೆ ನಿಂತೇ ಇರುವವರ ಸರಾಸರಿ ಅದು. ಬೇಗ ಬಸ್ ಸಿಕ್ಕವರು ಆಗಲೇ ಹತ್ತಿ ಹೋಗಿದ್ದಾರೆ, ಅಲ್ವಾ? ಅವರನ್ನೂ ಸೇರಿಸಿ ನೋಡೋಣ.

ನೀವು 1000 ದಿನ ಅದೇ ಸ್ಟಾಪಿನಲ್ಲಿ ಕಾದಿರಿ ಎಂದುಕೊಳ್ಳಿ. t ನಿಮಿಷಕ್ಕಿಂತ ಜಾಸ್ತಿ ಕಾಯಬೇಕಾಗುವ ಸಂಭವ ಇಷ್ಟು:

```
P(T > t) = e^(-t/10)
```

t ಜಾಗದಲ್ಲಿ 10 ಇಟ್ಟರೆ 0.368 ಬರುತ್ತದೆ. ಅಂದರೆ 368 ದಿನ ನೀವು 10 ನಿಮಿಷ ದಾಟಿಯೂ ಕಾಯುತ್ತೀರಿ. ಉಳಿದ 632 ದಿನ ಅಷ್ಟರೊಳಗೆ ಬಸ್ ಬಂದಿರುತ್ತದೆ. ಆ 632 ದಿನಗಳಲ್ಲಿ ಕಾದದ್ದು ಸರಾಸರಿ 4.18 ನಿಮಿಷ ಮಾತ್ರ. ಈಗ ಕೂಡಿಸಿ: 632 × 4.18 ಸುಮಾರು 2640 ನಿಮಿಷ, 368 × 20 ಅಂದರೆ 7360 ನಿಮಿಷ. ಒಟ್ಟು 10,000. ಸಾವಿರ ದಿನಕ್ಕೆ ಹಂಚಿದರೆ ದಿನಕ್ಕೆ 10 ನಿಮಿಷವೇ ಬಂತು. ನಿಮ್ಮ 20 ಕೂಡ ಸರಿ, ಪುಸ್ತಕದ 10 ಕೂಡ ಸರಿ.

ಇನ್ನು, ಕಾದದ್ದು ಯಾಕೆ ಲೆಕ್ಕಕ್ಕೆ ಬರುವುದಿಲ್ಲ? ಈ ಮಾದರಿಯಲ್ಲಿ ಮುಂದಿನ ಒಂದು ನಿಮಿಷದಲ್ಲಿ ಬಸ್ ಬರುವ ಸಂಭವ ಯಾವಾಗ ಕೇಳಿದರೂ ಶೇ 9.5. ನೀವು ಈಗಷ್ಟೇ ಬಂದು ನಿಂತಿರಲಿ, 25 ನಿಮಿಷ ಕಾದಿರಲಿ, ಅದು ಬದಲಾಗುವುದಿಲ್ಲ. ಪಗಡೆಯ ದಾಳ ಹಿಂದಿನ ಗರವನ್ನು ನೆನಪಿಟ್ಟುಕೊಳ್ಳುವುದಿಲ್ಲ, ಇದೂ ಹಾಗೆಯೇ. ಆ 368 ದಿನಗಳಲ್ಲಿ ಇನ್ನೂ 10 ನಿಮಿಷ ಕಳೆದರೂ ಬಸ್ ಬಾರದ ದಿನಗಳು 135. 135 ಅನ್ನು 368ರಿಂದ ಭಾಗಿಸಿ, ಮತ್ತೆ ಸುಮಾರು 0.368. ಆಗಲೇ ಕಾದದ್ದು s ನಿಮಿಷ, ಒಟ್ಟು ಕಾಯುವ ಸಮಯ T ಎಂದುಕೊಂಡು ಸೂತ್ರದಲ್ಲಿ ಬರೆದರೆ:

```
P(T > s + t | T > s) = P(T > t)
```

ಪರೀಕ್ಷೆಯಲ್ಲಿ ತುಂಬಾ ಜನ ಎಡವುವುದು ಇಲ್ಲೇ. 20 ನಿಮಿಷ ಕಾದವನು ಒಟ್ಟು 30 ನಿಮಿಷ ದಾಟುವ ಸಂಭವ ಎಷ್ಟು ಎಂದು ಕೇಳಿದರೆ, "ನೆನಪಿಲ್ಲ ತಾನೇ" ಎಂದು P(T > 30) ಬರೆದುಬಿಡುತ್ತಾರೆ. ಅದು ಶೇ 5, ಈಗಷ್ಟೇ ಸ್ಟಾಪಿಗೆ ಬಂದವನ ಲೆಕ್ಕ. 20 ನಿಮಿಷ ಆಗಲೇ ಕಳೆದುಹೋಗಿದೆ, ಬಾಕಿ ಇರುವುದು 10. ಹಾಗಾಗಿ ಉತ್ತರ P(T > 10), ಸುಮಾರು ಶೇ 37.

"ಬಸ್ ಹತ್ತಿರ ಬರ್ತಾ ಇರಬೇಕು" ಅಂತ ನಮ್ಮ ಮನಸ್ಸು ಹೇಳುತ್ತದಲ್ಲ, ಅದೂ ಸುಮ್ನೆ ಅಲ್ಲ. ಒಂದೇ ರೂಟಿನ ಬಸ್ ಗಡಿಯಾರ ಹಿಡಿದಂತೆ ಹತ್ತು ನಿಮಿಷಕ್ಕೊಂದು ಬರುತ್ತಿದ್ದರೆ, 8 ನಿಮಿಷ ಕಾದವರಿಗೆ ಬಾಕಿ ಇರುವುದು ಹೆಚ್ಚೆಂದರೆ 2 ನಿಮಿಷ. ಅಲ್ಲಿ ಕಾದದ್ದಕ್ಕೆ ಬೆಲೆ ಇದೆ, ಈ ಸೂತ್ರ ನಡೆಯುವುದಿಲ್ಲ. ಆದರೆ ಬೆಂಗಳೂರಿನ ಒಂದು ದೊಡ್ಡ ಸ್ಟಾಪಿನಲ್ಲಿ ನಿಂತು ಮೆಜೆಸ್ಟಿಕ್‌ಗೆ ಹೋಗುವ ಯಾವ ಬಸ್ ಆದರೂ ಆಗಬಹುದು ಎನ್ನಿ. ಬೇರೆ ಬೇರೆ ಕಡೆಯಿಂದ ಹತ್ತಾರು ರೂಟುಗಳು ಅಲ್ಲಿ ಬಂದು ಸೇರುತ್ತವೆ. ಒಂದಕ್ಕೆ ಇನ್ನೊಂದರ ಸುದ್ದಿ ಗೊತ್ತಿಲ್ಲ. ಪ್ರತಿ ರೂಟಿಗೂ ತನ್ನದೇ ವೇಳಾಪಟ್ಟಿ ಇದ್ದರೂ, ಎಲ್ಲ ಸೇರಿದಾಗ ಬಸ್ಸುಗಳ ನಡುವಿನ ಅಂತರ ಎಕ್ಸ್‌ಪೊನೆನ್ಷಿಯಲ್‌ಗೆ ಹತ್ತಿರವಾಗುತ್ತದೆ.

ನಿಮ್ಮ ಸ್ಟಾಪ್ ಯಾವ ಥರದ್ದು ಎಂದು ನೀವೇ ನೋಡಬಹುದು. ದಿನದ ಒಂದೇ ಹೊತ್ತಿನಲ್ಲಿ ನಿಂತು, ಒಂದು ಬಸ್ಸಿನಿಂದ ಮುಂದಿನದಕ್ಕೆ ಎಷ್ಟು ಅಂತರ ಎಂದು ನೂರು ಸಲ ಬರೆದುಕೊಳ್ಳಿ. ಬೆಳಗಿನ ರಷ್ ಮತ್ತು ಮಧ್ಯಾಹ್ನ ಎರಡನ್ನೂ ಬೆರೆಸಬೇಡಿ, ಸರಾಸರಿಯೇ ಬೇರೆ ಬೇರೆ ಇರುತ್ತದೆ. ಆಮೇಲೆ ಸರಾಸರಿ, ಮಾನಕ ವಿಚಲನೆ ಎರಡನ್ನೂ ಲೆಕ್ಕ ಹಾಕಿ. ಎಕ್ಸ್‌ಪೊನೆನ್ಷಿಯಲ್ ಆದರೆ ಎರಡೂ ಹೆಚ್ಚು ಕಡಿಮೆ ಸಮ ಬರುತ್ತವೆ. ವಿಚಲನೆ ತುಂಬಾ ಕಡಿಮೆ ಬಂದರೆ ಬಸ್ಸುಗಳು ವೇಳಾಪಟ್ಟಿ ಹಿಡಿದು ಓಡುತ್ತಿವೆ. ತುಂಬಾ ಜಾಸ್ತಿ ಬಂದರೆ ಎರಡು ಮೂರು ಒಟ್ಟಿಗೆ ಬಂದು, ಆಮೇಲೆ ತುಂಬಾ ಹೊತ್ತು ಒಂದೂ ಬರುತ್ತಿಲ್ಲ. ಸಮ ಬಂದರೆ ಇನ್ನೊಂದು ಸಲ ನೋಡಿ: ಸರಾಸರಿಗಿಂತ ದೊಡ್ಡ ಅಂತರಗಳು ನೂರಕ್ಕೆ ಸುಮಾರು 37, ಸರಾಸರಿಯ ಎರಡು ಪಟ್ಟಿಗಿಂತ ದೊಡ್ಡವು ಸುಮಾರು 14 ಇರಬೇಕು. ನಾಲ್ಕೈದು ಆಚೀಚೆ ಆದರೆ ಚಿಂತೆ ಬೇಡ, ನೂರು ಅಳತೆಯಲ್ಲಿ ಅಷ್ಟು ಏರುಪೇರು ಸಹಜ.