ಐಡಿಯಾಗಳಿಗೆ ಬೇರೆ ಪಟ್ಟಿ, ಕೆಲಸಕ್ಕೆ ಬೇರೆ ಪಟ್ಟಿ

ಪ್ರಶ್ನೆ: ಸೇಲ್ಸ್, ಸಪೋರ್ಟ್, ಗ್ರಾಹಕರು ಎಲ್ಲರೂ ಐಡಿಯಾ ಕೊಡ್ತಾನೇ ಇರ್ತಾರೆ. ಎಲ್ಲಾ ಬ್ಯಾಕ್‌ಲಾಗ್‌ಗೆ ಹಾಕಿ ಹಾಕಿ 400 ದಾಟಿದೆ. ಅಳಿಸೋಕೂ ಮನಸ್ಸಾಗಲ್ಲ. ಏನು ಮಾಡೋದು?

ಅಳಿಸಬೇಡಿ, ಬೇರೆ ಕಡೆ ಇಡಿ. ನಾನು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಚಿಕ್ಕ ತಂಡದಲ್ಲಿದ್ದೇನೆ. ಒಮ್ಮೆ ನಮ್ಮ ಸೇಲ್ಸ್ ಹುಡುಗ ಗ್ರಾಹಕರೊಬ್ಬರಿಗೆ "ಬ್ಯಾಕ್‌ಲಾಗ್‌ನಲ್ಲಿದೆ ಸಾರ್" ಅಂದುಬಿಟ್ಟ. ಅವರು ಅದನ್ನು "ಬರ್ತಾ ಇದೆ" ಅಂತಲೇ ತಿಳಿದುಕೊಂಡರು. ಮೂರು ತಿಂಗಳು ಬಿಟ್ಟು ಫೋನ್ ಮಾಡಿ ಬೈದರು. ತಪ್ಪು ಅವರದಲ್ಲ ಅಲ್ವಾ?

ಮೊದಲು ನಾವು ಜೀರಾದಲ್ಲಿ ಅದೇ ಪ್ರಾಜೆಕ್ಟ್‌ನಲ್ಲೇ `idea` ಅಂತ ಲೇಬಲ್ ಹಾಕಿ, ಬೋರ್ಡ್ ಫಿಲ್ಟರ್‌ನಲ್ಲಿ `labels != idea` ಅಂತ ಬರೆದೆವು. ಲೇಬಲ್ಲೇ ಇಲ್ಲದ ಟಿಕೆಟ್‌ಗಳೆಲ್ಲ ಬೋರ್ಡಿನಿಂದ ಮಾಯ! ಜೀರಾ ಖಾಲಿ ಲೇಬಲ್ಲನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗೆ ಬರೆಯಬೇಕಿತ್ತು:

```
(labels is EMPTY OR labels != idea)
```

ಆದರೂ ಯಾರಾದರೂ ಲೇಬಲ್ ಹಾಕಲು ಮರೆತರೆ ಐಡಿಯಾ ಮತ್ತೆ ಬ್ಯಾಕ್‌ಲಾಗ್‌ಗೆ ಬಂದು ಕೂರುತ್ತದೆ. ಕೊನೆಗೆ ಐಡಿಯಾಗಳನ್ನು ನಿಲ್ಲಿಸಿಡಲು ಪಾರ್ಕಿಂಗ್ ಲಾಟ್ ಅಂತ ಬೇರೆ ಪ್ರಾಜೆಕ್ಟ್ ಮಾಡಿದೆವು. ಶೀಟ್ ಆದರೂ ಸಾಕು.

ಅಲ್ಲಿ ಸ್ಟೋರಿ ಪಾಯಿಂಟ್, ಪ್ರಯಾರಿಟಿ, ಗಡುವು ಯಾವುದೂ ಇಲ್ಲ. ಅಂದಾಜು ಹಾಕಿದ ಕೂಡಲೇ ಅದು ಅರ್ಧ ಮಾತು ಕೊಟ್ಟಂತೆ. ಯಾರು ಕೇಳಿದರು, ಯಾವಾಗ, ಅವರ ತೊಂದರೆ ಏನು, ಇಷ್ಟೇ ಬರೆಯುತ್ತೇವೆ. ಬೇರೆಯವರೂ ಅದನ್ನೇ ಕೇಳಿದರೆ ಹೊಸ ಸಾಲು ಬೇಡ, ಅದರಲ್ಲೇ ಅವರ ಹೆಸರು ಸೇರಿಸುತ್ತೇವೆ.

ತೊಂದರೆ ಬರೆದಿಡುವುದು ಎಷ್ಟು ಮುಖ್ಯ ಅಂತ ನಮಗೆ ಗೊತ್ತಾಗಿದ್ದು "ಬಿಲ್ ವಾಟ್ಸಾಪ್‌ನಲ್ಲಿ ಹೋಗಬೇಕು" ಅನ್ನೋ ಸಲಹೆಯಿಂದ. ಕೇಳಿದ ಮೂವರೂ ಬಟ್ಟೆ ಅಂಗಡಿಯವರು. ಯಾಕೆ ಬೇಕು ಅಂತ ವಿಚಾರಿಸಿದರೆ, ಬಟ್ಟೆ ಬದಲಾಯಿಸಲು ಬರುವವರು ಬಿಲ್ ಕಳೆದುಕೊಂಡು ಬರುತ್ತಾರಂತೆ. ಮೊಬೈಲ್ ನಂಬರಿನಿಂದ ಹಳೇ ಬಿಲ್ ಹುಡುಕುವ ಸೌಲಭ್ಯ ಕೊಟ್ಟೆವು, ಒಂದೇ ಸ್ಪ್ರಿಂಟ್‌ನಲ್ಲಿ ಮುಗಿಯಿತು. ವಾಟ್ಸಾಪ್ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಅದಕ್ಕೇ ನಾವು ಐಡಿಯಾವನ್ನು ಇದ್ದ ಹಾಗೇ ಬ್ಯಾಕ್‌ಲಾಗ್‌ಗೆ ಎಳೆದು ಹಾಕುವುದಿಲ್ಲ. ಹೊಸದಾಗಿ ಸ್ಟೋರಿ ಬರೆದು, ಹಳೆಯದಕ್ಕೆ ಲಿಂಕ್ ಕೊಡುತ್ತೇವೆ.

ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ನೋಡುತ್ತೇವೆ. ಒಂದು ವರ್ಷದಲ್ಲಿ ಎರಡನೆಯವರು ಯಾರೂ ಕೇಳದಿದ್ದರೆ ಆ ಐಡಿಯಾ ಆರ್ಕೈವ್‌ಗೆ ಹೋಗುತ್ತದೆ. ಈ ಕೂರೋದು ಎರಡು ಸಲ ತಪ್ಪಿತೋ, ಜನ ಆ ಪಟ್ಟಿ ಬಿಟ್ಟು ನೇರ ಡೆವಲಪರ್‌ಗೇ ಮೆಸೇಜ್ ಹಾಕಲು ಶುರು ಮಾಡುತ್ತಾರೆ. ನಮ್ಮಲ್ಲಿ ಹಾಗೇ ಆಯಿತು.

ಬಗ್ ಮತ್ತು ಜಿಎಸ್‌ಟಿ ದರ ಬದಲಾವಣೆಯಂಥವು ಮಾತ್ರ ನೇರ ಬ್ಯಾಕ್‌ಲಾಗ್‌ಗೇ ಹೋಗಲಿ. ಅವು ಮಾಡಲೇಬೇಕಾದ ಕೆಲಸ.

ಸೇಲ್ಸ್‌ನವರಿಗೆ ಈಗ ಒಂದೇ ಉತ್ತರ ಹೇಳಿಕೊಟ್ಟಿದ್ದೇವೆ: "ಬರೆದಿಟ್ಟುಕೊಂಡಿದ್ದೇವೆ ಸಾರ್, ಮಾಡ್ತೀವಿ ಅಂತ ಇನ್ನೂ ತೀರ್ಮಾನ ಆಗಿಲ್ಲ. ತೀರ್ಮಾನ ಆದಾಗ ನಾವೇ ತಿಳಿಸ್ತೀವಿ."