[3] ಮತ್ತು [10]: ಎರಡು ಹೆಸರು, ಒಂದೇ ಗುಂಪು

ಪ್ರಶ್ನೆ: ಮಾಡ್ಯುಲೋ 7ರಲ್ಲಿ [3] ಅಂತಲೂ ಬರೀತಾರೆ, [10] ಅಂತಲೂ ಬರೀತಾರೆ. ಎರಡೂ ಒಂದೇ ಅಂತಾರೆ. ಎರಡು ಕ್ಲಾಸ್‌ಗಳು ಅರ್ಧಂಬರ್ಧ ಒಂದರೊಳಗೊಂದು ಸೇರಿಕೊಳ್ಳೋದು ಯಾಕೆ ಸಾಧ್ಯವಿಲ್ಲ? ಪ್ರೂಫ್ ಬಾಯಿಪಾಠ ಆಗಿದೆ, ಅರ್ಥ ಆಗಿಲ್ಲ.
– ಬಿ.ಎಸ್ಸಿ. ವಿದ್ಯಾರ್ಥಿನಿ, ಜಯನಗರ

ಉತ್ತರ: ಅರ್ಧಂಬರ್ಧ ಸೇರಿಕೊಳ್ಳುವ ಗುಂಪುಗಳನ್ನೇ ಮೊದಲು ನೋಡೋಣ. ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿ ಎಂ.ಜಿ. ರೋಡ್, ಟ್ರಿನಿಟಿ, ಹಲಸೂರು, ಇಂದಿರಾನಗರ ಸಾಲಾಗಿ ಬರುತ್ತವೆ. ಎರಡು ನಿಲ್ದಾಣಗಳ ನಡುವೆ ಹೆಚ್ಚೆಂದರೆ ಒಂದು ಸ್ಟಾಪ್ ದೂರವಿದ್ದರೆ ಅವು ‘ನಂಟರು’ ಎಂದುಕೊಳ್ಳಿ. ಪ್ರತಿ ನಿಲ್ದಾಣವೂ ತನಗೆ ತಾನೇ ನಂಟ, ದೂರ ಸೊನ್ನೆ ತಾನೇ? ನಂಟು ಎರಡೂ ಕಡೆಯಿಂದ ಇದೆ. ಅಲ್ಲಿಗೆ ರಿಫ್ಲೆಕ್ಸಿವ್, ಸಿಮ್ಮೆಟ್ರಿಕ್ ಎರಡೂ ಆಯಿತು.

ಈಗ ಟ್ರಿನಿಟಿಯ ನಂಟರನ್ನು ಕರೆಯಿರಿ: ಎಂ.ಜಿ. ರೋಡ್, ಟ್ರಿನಿಟಿ, ಹಲಸೂರು. ಹಲಸೂರಿನ ನಂಟರು: ಟ್ರಿನಿಟಿ, ಹಲಸೂರು, ಇಂದಿರಾನಗರ. ಎರಡು ಗುಂಪಿನಲ್ಲೂ ಟ್ರಿನಿಟಿ, ಹಲಸೂರು ಇವೆ. ಆದರೆ ಗುಂಪುಗಳು ಒಂದೇ ಅಲ್ಲ. ನೀವು ಕೇಳಿದ ಎಡವಟ್ಟು ಇದೇ. ಕಾರಣ ಒಂದೇ: ಎಂ.ಜಿ. ರೋಡಿಗೆ ಟ್ರಿನಿಟಿ ನಂಟ, ಟ್ರಿನಿಟಿಗೆ ಹಲಸೂರು ನಂಟ, ಆದರೆ ಎಂ.ಜಿ. ರೋಡಿಗೆ ಹಲಸೂರು ನಂಟನಲ್ಲ. ಟ್ರಾನ್ಸಿಟಿವ್ ಗುಣ ಕೈಕೊಟ್ಟಿತು.

ಮಾಡ್ಯುಲೋ 7ರಲ್ಲಿ a − b ಎಂಬುದು 7ರ ಅಪವರ್ತ್ಯವಾದರೆ a, b ನಂಟರು. ತಿಂಗಳ 3ನೇ ತಾರೀಕು ಗುರುವಾರವಾದರೆ 10, 17, 24 ಕೂಡ ಗುರುವಾರವೇ ಅಲ್ವಾ, ಅದೇ ಲೆಕ್ಕ. ಹಿಂದಕ್ಕೂ ಹೋದರೆ [3] ಅಂದರೆ …, −11, −4, 3, 10, 17, … ಎಂಬ ಇಡೀ ಸಾಲು.

ಈಗ ನಿಮ್ಮ ಪ್ರೂಫ್ ಅನ್ನು ಅಂಕಿಗಳಲ್ಲೇ ಮಾಡೋಣ. [3] ಮತ್ತು [10] ಎರಡರಲ್ಲೂ 17 ಇದೆ. ಅಷ್ಟು ಗೊತ್ತಿದ್ದರೆ ಸಾಕು. [3]ರಿಂದ ಯಾವುದಾದರೂ ಒಂದು ಸಂಖ್ಯೆ ತೆಗೆಯಿರಿ, −4 ಎನ್ನಿ. ಅದು 10ರ ನಂಟನೇ? −4ರಿಂದ 3ಕ್ಕೆ, 3ರಿಂದ 17ಕ್ಕೆ, 17ರಿಂದ 10ಕ್ಕೆ ಹೋಗೋಣ:

(−4 − 3) + (3 − 17) + (17 − 10) = −7 − 14 + 7 = −14

ಎಡಗಡೆ 3 ಮತ್ತು 17 ಹೊಡೆದುಹೋಗಿ −4 − 10 ಮಾತ್ರ ಉಳಿಯುತ್ತದೆ. ಮೂರೂ ತುಂಡುಗಳು 7ರ ಅಪವರ್ತ್ಯ. ಹಾಗಾಗಿ ಮೊತ್ತವೂ ಅಪವರ್ತ್ಯ. −4ರ ಜಾಗದಲ್ಲಿ [3]ರ ಯಾವ ಸಂಖ್ಯೆ ಇಟ್ಟರೂ ಇದೇ ದಾರಿ ನಡೆಯುತ್ತದೆ. ಅಂದರೆ [3] ಪೂರ್ತಿಯಾಗಿ [10]ರೊಳಗೆ ಬಂತು. ಇದೇ ದಾರಿಯಲ್ಲಿ ತಿರುಗಿ ನಡೆದರೆ [10] ಪೂರ್ತಿ [3]ರೊಳಗೆ. ಒಬ್ಬ ನಂಟ ಹಂಚಿಕೆಯಾದರೆ ಇಡೀ ಮನೆತನವೇ ಒಂದಾಗುತ್ತದೆ. ನಂಟನ್ನು ~ ಗುರುತಿನಿಂದ ಬರೆದರೆ, 17 [3]ರಲ್ಲಿದೆ ಎಂದರೆ 17 ~ 3. ನಮಗೆ ಬೇಕಿದ್ದದ್ದು 3 ~ 17. ಸಿಮ್ಮೆಟ್ರಿ ಕೆಲಸಕ್ಕೆ ಬಂದದ್ದು ಅಲ್ಲಿ.

ಮೆಟ್ರೊದಲ್ಲಿ ಈ ದಾರಿ ಏಕೆ ಮುರಿಯಿತು? ಒಂದು ಸ್ಟಾಪಿಗೆ ಒಂದು ಸ್ಟಾಪ್ ಸೇರಿದರೆ ಎರಡಾಗಿ, ಮಿತಿ ದಾಟುತ್ತದೆ. 7ರ ಅಪವರ್ತ್ಯಗಳನ್ನು ಎಷ್ಟು ಕೂಡಿಸಿದರೂ 7ರ ಅಪವರ್ತ್ಯವೇ. ವ್ಯತ್ಯಾಸ ಇರುವುದು ಇಷ್ಟರಲ್ಲೇ.

ಕ್ಲಾಸ್‌ಗಳು ಎಷ್ಟು ಎಂಬುದು ಸುಲಭ. ಯಾವ ಪೂರ್ಣಾಂಕವನ್ನು 7ರಿಂದ ಭಾಗಿಸಿದರೂ ಶೇಷ 0ಯಿಂದ 6ರೊಳಗೆ. ಆ ಏಳು ಶೇಷಗಳಲ್ಲಿ ಯಾವ ಎರಡರ ವ್ಯತ್ಯಾಸವೂ 6ನ್ನು ಮೀರದು, ಹಾಗಾಗಿ ಬೇರೆ ಬೇರೆ ಶೇಷಗಳು ನಂಟರಾಗವು. ಏಳೇ ಗುಂಪು.

ಸಿಮ್ಮೆಟ್ರಿ, ಟ್ರಾನ್ಸಿಟಿವಿಟಿ ಇದ್ದರೆ ರಿಫ್ಲೆಕ್ಸಿವ್ ತಾನಾಗಿ ಬರುತ್ತೆ ಅಂತ ಪ್ರತಿವರ್ಷ ಯಾರಾದರೂ ಉತ್ತರಪತ್ರಿಕೆಯಲ್ಲಿ ಬರೆದಿರುತ್ತಾರೆ: a ~ b, ಆದ್ದರಿಂದ b ~ a, ಆದ್ದರಿಂದ a ~ a. ನೋಡೋಕೆ ಚೆನ್ನಾಗಿದೆ. ಆದರೆ aಗೆ ಒಬ್ಬ ನಂಟನೂ ಇಲ್ಲದಿದ್ದರೆ? ‘ಎರಡೂ ಬೆಸ ಸಂಖ್ಯೆ’ ಎಂಬ ಸಂಬಂಧ ತೆಗೆದುಕೊಳ್ಳಿ. ಆ ಎರಡು ಗುಣಗಳೂ ಇವೆ. ಆದರೆ 4 ತನಗೂ ನಂಟನಲ್ಲ. ಸಮ ಸಂಖ್ಯೆಗಳೆಲ್ಲ ಯಾವ ಗುಂಪಿಗೂ ಸೇರದೆ ಹೊರಗೇ ಉಳಿದವು. ಗಣದ ಎಲ್ಲರಿಗೂ ಜಾಗ ಸಿಗುವಂತೆ ಮಾಡುವುದು ರಿಫ್ಲೆಕ್ಸಿವ್ ಗುಣವೇ.

ಲ್ಯಾಬ್‌ನಲ್ಲಿ ಇದನ್ನು ಪ್ರೋಗ್ರಾಂ ಮಾಡುವಾಗ ಒಂದು ಎಚ್ಚರ. ಪೈಥಾನ್‌ನಲ್ಲಿ `-4 % 7` ಕೇಳಿದರೆ 3 ಬರುತ್ತದೆ. ಸಿ ಭಾಷೆಯಲ್ಲಿ −4 ಬರುತ್ತದೆ. ಹಾಗಾಗಿ ಸಿಯಲ್ಲಿ ಶೇಷಗಳನ್ನು ಸುಮ್ನೆ ಹೋಲಿಸಿದರೆ −4 ಮತ್ತು 3 ಬೇರೆ ಕ್ಲಾಸ್ ಎಂದು ತಪ್ಪು ಉತ್ತರ ಸಿಗುತ್ತದೆ. ವ್ಯತ್ಯಾಸವನ್ನೇ ಪರೀಕ್ಷಿಸಿ, ಎರಡೂ ಭಾಷೆಯಲ್ಲಿ ಸರಿಯಾಗುತ್ತದೆ:

```
(a - b) % 7 == 0
```